ಒಂದು ಬಿಲ್ಲು, ಇಪ್ಪತ್ತು ಸಾಲು

ಬಹುತೇಕ ಶಾಲೆಗಳ ಕಚೇರಿ ಬೀರುವಿನಲ್ಲಿ ಉದ್ದನೆಯ ಸ್ಟಾಕ್ ಪುಸ್ತಕವೊಂದು ಇದ್ದೇ ಇರುತ್ತದೆ. ‘ಕಂಪ್ಯೂಟರ್ 20, ರೂ. 8,00,000’ ಎಂದು ಅದರಲ್ಲಿ ಒಂದೇ ಸಾಲು ಬರೆದು, ಬಿಲ್ಲನ್ನು ಫೈಲಿಗೆ ಹಾಕಿದರೆ ಕೆಲಸ ಮುಗಿಯಿತೆಂದು ಲೆಕ್ಕ. ಮೂರು ವರ್ಷ ಬಿಟ್ಟು ಆಡಿಟರ್ ಬಂದು “ಆ ಇಪ್ಪತ್ತೂ ಈಗ ಎಲ್ಲೆಲ್ಲಿವೆ? ಯಾವುದು ಕೆಟ್ಟಿದೆ? ಇವತ್ತಿನ ಬೆಲೆ ಎಷ್ಟು?” ಎಂದು ಕೇಳಿದಾಗ ಆ ಸಾಲಿನಿಂದ ಉತ್ತರ ಸಿಗುವುದಿಲ್ಲ. ಅದು ಖರೀದಿಯ ದಾಖಲೆಯೇ ಹೊರತು ಆಸ್ತಿಯ ದಾಖಲೆಯಲ್ಲ.

ಆಸ್ತಿ ರಿಜಿಸ್ಟರಿನಲ್ಲಿ ಬಿಲ್ಲಿಗೊಂದು ಸಾಲಲ್ಲ, ವಸ್ತುವಿಗೊಂದು ಸಾಲು. ತಾಲ್ಲೂಕು ಕೇಂದ್ರದಲ್ಲಿ ಟ್ರಸ್ಟ್ ನಡೆಸುವ ಪ್ರೌಢಶಾಲೆಯೊಂದರ ಕಂಪ್ಯೂಟರ್ ಲ್ಯಾಬನ್ನು ಉದಾಹರಣೆಗೆ ಇಟ್ಟುಕೊಂಡು, ಇದು ಮೊದಲಿಂದ ಕೊನೆಯವರೆಗೆ ಹೇಗೆ ನಡೆಯಬೇಕೆಂದು ನೋಡೋಣ.

ಬೆಲೆ ಬರೆಯುವುದು

ಶಾಲೆ 2022ರ ಜೂನ್ 10ರಂದು 20 ಕಂಪ್ಯೂಟರ್ ಕೊಂಡಿತು ಎನ್ನಿ. ಒಂದರ ಬೆಲೆ 33,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 5,940. ಶಾಲೆಯ ಬೋಧನಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಖರೀದಿಯಲ್ಲಿ ಕಟ್ಟಿದ ತೆರಿಗೆ ವ್ಯಾಪಾರಿಗಳಿಗೆ ಸಿಗುವಂತೆ ಶಾಲೆಗೆ ವಾಪಸ್ ಸಿಗುವುದಿಲ್ಲ. ಹಾಗಾಗಿ ಅದೂ ವಸ್ತುವಿನ ಬೆಲೆಯೊಳಗೇ ಸೇರುತ್ತದೆ. ಸಾಗಣೆ ಮತ್ತು ಜೋಡಣೆಗೆ ಒಟ್ಟು 21,200 ರೂಪಾಯಿ ತಗುಲಿದ್ದರೆ ಅದನ್ನೂ ಇಪ್ಪತ್ತಕ್ಕೆ ಹಂಚಬೇಕು. ತಲಾ 1,060 ಆಯಿತು. ಎಲ್ಲ ಸೇರಿ ಒಂದು ಯಂತ್ರದ ಬೆಲೆ 40,000 ರೂಪಾಯಿ. ರಿಜಿಸ್ಟರಿನಲ್ಲಿ ಇಪ್ಪತ್ತು ಸಾಲು, ಪ್ರತಿ ಸಾಲಿನಲ್ಲೂ ಇದೇ ಮೊತ್ತ.

ಅದೇ ಸಾಲಿನಲ್ಲಿ ಬಿಲ್ ಸಂಖ್ಯೆ, ಖರೀದಿಯ ದಿನ, ಕಂಪನಿ ಮುದ್ರಿಸಿದ ಸೀರಿಯಲ್ ನಂಬರ್, ಇರುವ ಕೊಠಡಿ, ಅದರ ಜವಾಬ್ದಾರಿ ಹೊತ್ತವರು, ಹಣ ಬಂದ ಮೂಲ ಇಷ್ಟೂ ಇರಬೇಕು. ಹಣದ ಮೂಲವನ್ನು ಅನೇಕರು ಬರೆಯುವುದೇ ಇಲ್ಲ. ಸ್ವಂತ ಹಣವೇ, ಅನುದಾನವೇ, ದಾನಿಗಳು ಕೊಟ್ಟದ್ದೇ ಎಂಬುದರ ಮೇಲೆ ಮುಂದೆ ಸವಕಳಿಯ ಲೆಕ್ಕವೂ ವಿಲೇವಾರಿಯ ಅನುಮತಿಯೂ ನಿಂತಿರುತ್ತವೆ. ಚಾಕ್‌ಪೀಸು, ಪೊರಕೆ, ಪ್ರನಾಳ, ಪ್ರಿಂಟರಿನ ಇಂಕುಗಳಿಗೆ ಇಲ್ಲಿ ಜಾಗವಿಲ್ಲ. ಬಳಸಿದಂತೆ ಮುಗಿದುಹೋಗುವ ಸಾಮಾನಿಗೆ ಬೇರೆಯೇ ಸ್ಟಾಕ್ ಪುಸ್ತಕ ಬೇಕು.

ಕೊಠಡಿಯ ಹೆಸರು ನಂಬರಿನಲ್ಲಿ ಬೇಡ

ಇನ್ನು ಪ್ರತಿ ಯಂತ್ರಕ್ಕೂ ಒಂದು ನಂಬರ್. ಕಂ-22-01ರಿಂದ ಕಂ-22-20ರವರೆಗೆ: ಕಂಪ್ಯೂಟರ್, 2022ರ ಖರೀದಿ, ಕ್ರಮಸಂಖ್ಯೆ. ಇದರ ಜೊತೆಗೆ ಕೊಠಡಿಯ ಸಂಖ್ಯೆಯನ್ನೂ ಸೇರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬಾರದು. ಯಂತ್ರ ಜಾಗ ಬದಲಿಸಿದ ದಿನವೇ ಆ ನಂಬರ್ ಸುಳ್ಳಾಗುತ್ತದೆ. ನಂಬರ್ ವಸ್ತುವಿನ ಜೊತೆ ಕೊನೆಯವರೆಗೂ ಇರಬೇಕು. ಜಾಗ ಮಾತ್ರ ರಿಜಿಸ್ಟರಿನ ಕಾಲಂನಲ್ಲಿ ಬದಲಾಗುತ್ತಿರಬೇಕು. ವಸ್ತು ಗುಜರಿಗೆ ಹೋದ ಮೇಲೂ ಅದರ ನಂಬರನ್ನು ಇನ್ನೊಂದಕ್ಕೆ ಕೊಡಬಾರದು.

ನಂಬರನ್ನು ಎಲ್ಲಿ, ಯಾವುದರಿಂದ ಹಾಕುತ್ತೀರಿ ಎಂಬುದೂ ಮುಖ್ಯ. ಡೆಸ್ಕಿನ ಮೇಲ್ಗಡೆ ಬರೆದದ್ದು ಮಕ್ಕಳ ಕೈವಾರದ ಮೊನೆಗೆ ಒಂದು ವರ್ಷವೂ ಬಾಳುವುದಿಲ್ಲ. ಡೆಸ್ಕು ಬೆಂಚುಗಳಿಗೆ ಅಡಿಪಟ್ಟಿಯ ಒಳಮೈಯಲ್ಲಿ ಸ್ಟೆನ್ಸಿಲ್ ಇಟ್ಟು ಪೇಂಟಿನಲ್ಲಿ ಬರೆಸುವುದು ಒಳ್ಳೆಯದು. ಕಬ್ಬಿಣದ ಬೀರುವಿಗೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡು ಸಾಕು. ಕಂಪ್ಯೂಟರಿಗೆ ಕಾಗದದ ಸ್ಟಿಕ್ಕರ್ ಬೇಡ, ನೀರು ಬಟ್ಟೆಗೆ ಅಳಿಸದ ಪ್ಲಾಸ್ಟಿಕ್ ಲೇಬಲ್ ಬೇಕು. ಅದನ್ನು ಸಿಪಿಯು ಡಬ್ಬಿಯ ಮೇಲೆ ಅಂಟಿಸಬೇಕು, ಬಿಚ್ಚಿ ತೆಗೆಯುವ ಪಕ್ಕದ ಮುಚ್ಚಳದ ಮೇಲಲ್ಲ. ರಿಪೇರಿಗೆ ಹೋದಾಗ ಮುಚ್ಚಳ ಅದಲುಬದಲಾಗಿ ಬಂದರೆ ನಂಬರೂ ಅದಲುಬದಲಾಗುತ್ತದೆ. ಮಾನಿಟರಿಗೂ ಅದೇ ನಂಬರನ್ನು ‘ಮಾ’ ಸೇರಿಸಿ ಹಾಕಿದರೆ ಜೋಡಿ ತಪ್ಪಿದ್ದು ಕಣ್ಣಿಗೆ ಬೀಳುತ್ತದೆ.

ಸವಕಳಿಯ ಲೆಕ್ಕ

ನಲವತ್ತು ಸಾವಿರದ ಯಂತ್ರ ಮೂರು ವರ್ಷದ ಮೇಲೂ ನಲವತ್ತು ಸಾವಿರವಲ್ಲ. ಸಣ್ಣ ಶಾಲೆಗಳ ಆಡಿಟರುಗಳು ಸಾಮಾನ್ಯವಾಗಿ ಆದಾಯ ತೆರಿಗೆ ನಿಯಮಗಳ ದರವನ್ನೇ ಹಿಡಿಯುತ್ತಾರೆ: ಕಂಪ್ಯೂಟರಿಗೆ ಶೇ. 40, ಪೀಠೋಪಕರಣಕ್ಕೆ ಶೇ. 10, ಸಾಮಾನ್ಯ ಯಂತ್ರೋಪಕರಣಕ್ಕೆ ಶೇ. 15. ಇದನ್ನು ಮೂಲ ಬೆಲೆಯ ಮೇಲಲ್ಲ, ಪ್ರತಿವರ್ಷ ಉಳಿದ ಬೆಲೆಯ ಮೇಲೆ ಹಾಕುತ್ತಾರೆ.

ನಮ್ಮ ಯಂತ್ರಕ್ಕೆ ಮೊದಲ ವರ್ಷ 16,000 ಕಳೆದು 2023ರ ಮಾರ್ಚ್ 31ಕ್ಕೆ 24,000 ಉಳಿಯಿತು. ಮರುವರ್ಷ 9,600 ಕಳೆದು 14,400. ಅದರ ಮರುವರ್ಷ 5,760 ಕಳೆದು 2025ರ ಮಾರ್ಚ್ 31ಕ್ಕೆ 8,640. ಇದನ್ನೇ ಜೂನ್ ಬದಲು ನವೆಂಬರಿನಲ್ಲಿ ಕೊಂಡಿದ್ದರೆ, ಆ ವರ್ಷದ ಬಳಕೆ 180 ದಿನಕ್ಕಿಂತ ಕಡಿಮೆಯಾಗುವುದರಿಂದ ಮೊದಲ ಸಲ ಅರ್ಧ ಸವಕಳಿ, ಅಂದರೆ 8,000 ಮಾತ್ರ. ಖರೀದಿಯ ದಿನ ಬರೆಯದೆ ಬರೀ ‘2022–23’ ಎಂದು ಬಿಟ್ಟರೆ ಈ ಲೆಕ್ಕವೇ ಆಗುವುದಿಲ್ಲ.

ಟ್ರಸ್ಟ್ ಶಾಲೆಗಳು ಇಲ್ಲೊಂದು ಎಚ್ಚರಿಕೆ ವಹಿಸಬೇಕು. ಕಂಪ್ಯೂಟರಿಗೆ ಕೊಟ್ಟ ಎಂಟು ಲಕ್ಷವನ್ನು ಕೊಂಡ ವರ್ಷವೇ ‘ಧರ್ಮಾರ್ಥಕ್ಕೆ ವಿನಿಯೋಗಿಸಿದ ಆದಾಯ’ ಎಂದು ತೆರಿಗೆ ಲೆಕ್ಕದಲ್ಲಿ ತೋರಿಸಿದ್ದರೆ, ಅದೇ ಯಂತ್ರಗಳ ಸವಕಳಿಯನ್ನು ಮತ್ತೆ ಖರ್ಚೆಂದು ತೋರಿಸುವಂತಿಲ್ಲ. ಒಂದೇ ಹಣಕ್ಕೆ ಎರಡು ಸಲ ಲಾಭ ಪಡೆಯುವುದನ್ನು 2014ರ ತಿದ್ದುಪಡಿ ತಡೆದಿದೆ. ಆಗಲೂ ಶಾಲೆಯ ಸ್ವಂತ ಲೆಕ್ಕದಲ್ಲಿ ಸವಕಳಿ ಬರೆಯಬೇಕು. ತೆರಿಗೆ ಲೆಕ್ಕದಲ್ಲಿ ಅದನ್ನು ಕೈಬಿಡಬೇಕಾದ ಆಸ್ತಿಗಳು ಯಾವುವು ಎಂದು ಹೇಳಲು ರಿಜಿಸ್ಟರಿನಲ್ಲಿ ಒಂದು ಕಾಲಂ ಸಾಕು.

ಸವಕಳಿ ಕಳೆದು ಬೆಲೆ ನೂರಾರು ರೂಪಾಯಿಗೆ ಇಳಿದರೂ ವಸ್ತು ಇರುವಷ್ಟು ದಿನ ಅದರ ಸಾಲನ್ನು ಹೊಡೆದುಹಾಕಬಾರದು. ಲೆಕ್ಕದಲ್ಲಿ ಬೆಲೆ ಹೋಗುವುದು ಬೇರೆ, ಕೊಠಡಿಯಿಂದ ವಸ್ತು ಹೋಗುವುದು ಬೇರೆ.

ಎಣಿಕೆಯ ದಿನ

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸ್ಥಿರ ಆಸ್ತಿಗಳನ್ನು ವರ್ಷಕ್ಕೆ ಒಮ್ಮೆಯಾದರೂ ಕಣ್ಣಾರೆ ಪರಿಶೀಲಿಸಬೇಕು, ವಸ್ತುಗಳ ಹೊಣೆ ಹೊತ್ತವರ ಸಮ್ಮುಖದಲ್ಲೇ ಅದು ನಡೆಯಬೇಕು ಎನ್ನುತ್ತವೆ. ಖಾಸಗಿ ಶಾಲೆಗೆ ಇವು ಕಡ್ಡಾಯವಲ್ಲ, ಆದರೆ ಪದ್ಧತಿ ಅನುಕರಣೀಯ. ಲ್ಯಾಬಿನ ಹೊಣೆ ಹೊತ್ತ ಕಂಪ್ಯೂಟರ್ ಶಿಕ್ಷಕರು ಎದುರಿಗೆ ಇರಲಿ, ಎಣಿಸುವವರು ವಿಜ್ಞಾನ ಶಿಕ್ಷಕರಾಗಲಿ. ವಿಜ್ಞಾನ ಪ್ರಯೋಗಾಲಯವನ್ನು ಎಣಿಸಲು ಕಂಪ್ಯೂಟರ್ ಶಿಕ್ಷಕರು ಹೋಗಲಿ. ಪರೀಕ್ಷೆ ಮುಗಿದು ಬೇಸಿಗೆ ರಜೆಗೆ ಮುನ್ನ, ಎಲ್ಲ ಕೊಠಡಿಗಳನ್ನೂ ಒಂದೇ ದಿನ ಮುಗಿಸಬೇಕು. ಇವತ್ತು ಎಂಟನೇ ತರಗತಿಯಲ್ಲಿ ಎಣಿಸಿದ ಕುರ್ಚಿ, ನಾಳೆ ಸಭಾಂಗಣದಲ್ಲಿ ಇನ್ನೊಮ್ಮೆ ಲೆಕ್ಕಕ್ಕೆ ಸಿಗಬಾರದಲ್ಲ.

ಎಣಿಕೆ ಎರಡು ದಿಕ್ಕಿನಲ್ಲಿ ನಡೆಯಬೇಕು. ಮೊದಲು ರಿಜಿಸ್ಟರ್ ಹಿಡಿದು ವಸ್ತು ಹುಡುಕುವುದು: ಪುಸ್ತಕದಲ್ಲಿದ್ದು ಕೊಠಡಿಯಲ್ಲಿ ಇಲ್ಲದ್ದು ಸಿಗುತ್ತದೆ. ಆಮೇಲೆ ಕೊಠಡಿಯಲ್ಲಿ ನಿಂತು ಕಂಡ ವಸ್ತುವನ್ನೆಲ್ಲ ರಿಜಿಸ್ಟರಿನಲ್ಲಿ ಹುಡುಕುವುದು: ಕೊಠಡಿಯಲ್ಲಿದ್ದು ಪುಸ್ತಕದಲ್ಲಿ ಇಲ್ಲದ್ದು ಸಿಗುತ್ತದೆ. ಎರಡನೆಯದನ್ನು ಬಿಡುವವರೇ ಹೆಚ್ಚು.

2025ರ ಮಾರ್ಚಿನಲ್ಲಿ ನಮ್ಮ ಲ್ಯಾಬ್ ಎಣಿಸಿದಾಗ ತಲೆಯೆಣಿಕೆಗೆ 18 ಯಂತ್ರ ಸಿಕ್ಕವು ಎನ್ನಿ. ಎರಡು ಕಡಿಮೆ ಎಂದು ಬರೆದು ಮುಗಿಸಿದ್ದರೆ ತಪ್ಪಾಗುತ್ತಿತ್ತು. ನಂಬರ್ ಹಿಡಿದು ನೋಡಿದಾಗ ಪಟ್ಟಿಯಲ್ಲಿದ್ದವು 17 ಮಾತ್ರ, ಒಂದಕ್ಕೆ ನಂಬರೇ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳು 2023ರಲ್ಲಿ ಕೊಟ್ಟ ಯಂತ್ರ ಅದು. ವೇದಿಕೆಯ ಮೇಲೆ ಫೋಟೊ ತೆಗೆಸಿಕೊಂಡರು, ಬಿಲ್ ಇಲ್ಲದ್ದರಿಂದ ರಿಜಿಸ್ಟರಿಗೆ ಬರಲಿಲ್ಲ. ದಾನಪತ್ರವನ್ನೇ ಆಧಾರ ಮಾಡಿಕೊಂಡು, ಆಡಿಟರ್ ಒಪ್ಪುವ ಬೆಲೆ ಅಥವಾ ಒಂದು ರೂಪಾಯಿ ಬರೆದು ಅದಕ್ಕೂ ನಂಬರ್ ಕೊಡಬೇಕು.

ಕಾಣದ ಮೂರರಲ್ಲಿ ಕಂ-22-07 ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿತ್ತು. ದಾಖಲಾತಿ ಸಮಯದಲ್ಲಿ ಒಯ್ದದ್ದು ವಾಪಸ್ ಬರಲಿಲ್ಲ. ಜಾಗದ ಕಾಲಂ ತಿದ್ದಿ ಇಬ್ಬರ ಸಹಿ ಹಾಕಿದರೆ ಆಯಿತು. ಕಂ-22-12 ಮದರ್‌ಬೋರ್ಡ್ ಸುಟ್ಟು ಸ್ಟೋರಿನಲ್ಲಿ ಬಿದ್ದಿತ್ತು. ರಿಪೇರಿ ದುಬಾರಿ ಎಂದು ತಂತ್ರಜ್ಞರಿಂದ ಬರೆಸಿಕೊಂಡು, ಆಡಳಿತ ಮಂಡಳಿಯ ಠರಾವು ಮಾಡಿ, ಹಾರ್ಡ್‌ಡಿಸ್ಕಿನ ಮಾಹಿತಿ ಅಳಿಸಿ ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಏಪ್ರಿಲಿನಲ್ಲಿ 600 ರೂಪಾಯಿಗೆ ಕೊಟ್ಟರೆ, 8,640ರಲ್ಲಿ 600 ಕಳೆದು ಉಳಿದ 8,040 ಶಾಲೆಯ ಲೆಕ್ಕದಲ್ಲಿ ನಷ್ಟ. ಕಂ-22-18 ಎಲ್ಲೂ ಸಿಗಲಿಲ್ಲ. ಸಿಗದ್ದನ್ನು ಆ ದಿನವೇ ರೈಟ್ ಆಫ್ ಮಾಡಬಾರದು. ರಿಪೇರಿ ಅಂಗಡಿಯ ಚೀಟಿ, ಗೇಟಿನ ಪುಸ್ತಕ ನೋಡಿ, ಹೊಣೆ ಹೊತ್ತವರಿಂದ ಲಿಖಿತ ವಿವರಣೆ ಪಡೆದು, ಮಂಡಳಿಯ ಮುಂದಿಡಬೇಕು. ಕಳವಾದ ಗುಮಾನಿಯಿದ್ದರೆ ಪೊಲೀಸರಿಗೆ ದೂರು ಕೊಡಬೇಕು.

ಇನ್ನೂ ಒಂದು ಪರೀಕ್ಷೆ ಉಳಿದಿದೆ. ಲೇಬಲ್ ಕಿತ್ತು ಹಳೆಯ ಯಂತ್ರಕ್ಕೆ ಅಂಟಿಸಿದ್ದರೆ ಎಣಿಕೆ ಸರಿಯಾಗಿಯೇ ಇರುತ್ತದೆ. ಹಾಗಾಗಿ ನಾಲ್ಕೈದು ಯಂತ್ರಗಳನ್ನು ಆರಿಸಿ, ಪವರ್‌ಶೆಲ್‌ನಲ್ಲಿ ಇದನ್ನು ಟೈಪ್ ಮಾಡಿ:

```
(Get-CimInstance Win32_BIOS).SerialNumber
```

ತೆರೆಯ ಮೇಲೆ ಬಂದ ನಂಬರ್ ರಿಜಿಸ್ಟರಿನ ಸೀರಿಯಲ್ ನಂಬರಿಗೆ ತಾಳೆಯಾಗಬೇಕು. ಬಿಡಿಭಾಗ ಕೊಂಡು ಜೋಡಿಸಿದ ಯಂತ್ರಗಳಲ್ಲಿ `To Be Filled By O.E.M.` ಎಂದು ಬರುವುದುಂಟು. ಬ್ರಾಂಡೆಡ್ ಎಂದು ಬಿಲ್ ಇರುವ ಯಂತ್ರ ಹಾಗೆ ತೋರಿಸಿದರೆ, ಮದರ್‌ಬೋರ್ಡ್ ಬದಲಾಗಿದೆಯೇ ಎಂದು ರಿಪೇರಿ ಚೀಟಿ ಹುಡುಕಬೇಕು. ಚೀಟಿ ಇಲ್ಲದಿದ್ದರೆ ವಿವರಣೆ ಕೇಳಬೇಕು.

ಚಾರ್ಜ್ ಕೊಡುವಾಗ

ಈ ಎಣಿಕೆಯ ನಿಜವಾದ ಬೆಲೆ ತಿಳಿಯುವುದು ಮುಖ್ಯೋಪಾಧ್ಯಾಯರು ನಿವೃತ್ತರಾಗಿ ಚಾರ್ಜ್ ಕೊಡುವ ದಿನ. ಹೊಸಬರು ‘ಪಟ್ಟಿಯಂತೆ ಎಲ್ಲ ಸರಿಯಿದೆ’ ಎಂದು ಸಹಿ ಹಾಕಿದರೆ, ಹತ್ತು ವರ್ಷದ ಹಿಂದೆ ಕಾಣೆಯಾದ ಬೀರುವಿಗೂ ಅವರೇ ಉತ್ತರ ಹೇಳಬೇಕಾಗುತ್ತದೆ. ವರ್ಷವರ್ಷದ ಎಣಿಕೆಯ ವರದಿ ಇದ್ದರೆ, ಯಾವ ವಸ್ತು ಯಾವ ಮಾರ್ಚ್‌ವರೆಗೆ ಇತ್ತು ಎಂಬುದು ಗೊತ್ತಾಗುತ್ತದೆ. ಹೋಗುವವರಿಗೂ ‘ಬಾಕಿ ಇಲ್ಲ’ ಪತ್ರ ತಡವಾಗುವುದಿಲ್ಲ.

ಹಳೆಯ ಶಾಲೆ, ರಿಜಿಸ್ಟರೇ ಇಲ್ಲ ಎಂದಾದರೆ ಹಳೆಯ ಬಿಲ್ಲುಗಳನ್ನು ಕೆದಕುತ್ತ ಕೂರುವುದು ಬೇಡ. ಮೊದಲು ಒಂದೊಂದೇ ಕೊಠಡಿ ಎಣಿಸಿ ಇರುವುದಕ್ಕೆಲ್ಲ ನಂಬರ್ ಹಾಕಿ, ಆಮೇಲೆ ಬಿಲ್ ಹುಡುಕಿ ಬೆಲೆ ತುಂಬಿ. ಬಿಲ್ ಸಿಗದ್ದಕ್ಕೆ ಆಡಿಟರನ್ನು ಕೇಳಿ ಒಂದು ರೂಪಾಯಿ ಬರೆದು, ‘ಬಿಲ್ ಲಭ್ಯವಿಲ್ಲ’ ಎಂದು ಷರಾ ಹಾಕಿ. ಒಂದು ಕೊಠಡಿಯ ಪಟ್ಟಿ ಮುಗಿದ ಕೂಡಲೇ ಅದರ ಪ್ರತಿಯನ್ನು ಬಾಗಿಲ ಹಿಂದೆ ಅಂಟಿಸಿ. ಆ ಕೊಠಡಿಯಿಂದ ಕುರ್ಚಿ ಎತ್ತುವವರು ಯಾರೇ ಆಗಲಿ, ಪಟ್ಟಿಯಲ್ಲಿ ಬರೆದೇ ಎತ್ತಲಿ.