ಹಿಂಡಿಯ ಬೂಷ್ಟು, ಹಾಲಿನ ವಿಷ

ಮಳೆಗಾಲದಲ್ಲಿ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಕಡಲೆಕಾಯಿ ಹಿಂಡಿಯ ಚೀಲ ಬಿಚ್ಚಿ ತಳದವರೆಗೆ ಕೈ ಹಾಕಿದರೆ ಕೆಲವೊಮ್ಮೆ ಒಳಗೆ ಬೆಚ್ಚಗಿರುತ್ತದೆ. ಹಿಂಡಿಯ ತುಂಡುಗಳು ಒಂದಕ್ಕೊಂದು ಅಂಟಿ ಗಂಟುಗಟ್ಟಿರುತ್ತವೆ. ಮುರಿದರೆ ನಡುವೆ ಹಳದಿ ಬೆರೆತ ಹಸಿರು ಪುಡಿ, ಮೂಗಿಗೆ ಮುಗ್ಗಲು ವಾಸನೆ. ಆ ಪುಡಿ ಕೊಡವಿ, ಎರಡು ದಿನ ಬಿಸಿಲಿಗೆ ಹಾಕಿ, ಬೂಸಾದ ಜೊತೆ ನೆನೆಸಿ ಹಸುವಿಗೆ ಇಡುವುದು ಎಷ್ಟೋ ಮನೆಗಳ ರೂಢಿ. ದುಡ್ಡು ಕೊಟ್ಟು ತಂದ ಹಿಂಡಿ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಕೊಡವಿದಾಗ ಹೋಗುವುದು ಬೂಷ್ಟು ಮಾತ್ರ, ಅದು ಬಿಟ್ಟ ವಿಷ ಹಿಂಡಿಯಲ್ಲೇ ಉಳಿಯುತ್ತದೆ. ಬಿಸಿಲು ತೇವ ಆರಿಸುತ್ತದೆಯೇ ಹೊರತು ವಿಷವನ್ನು ನಂಬುವಷ್ಟು ತೆಗೆಯುವುದಿಲ್ಲ.

ಆ ವಿಷದ ಹೆಸರು ಅಫ್ಲಾಟಾಕ್ಸಿನ್. ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಅದರ ಸಮೀಪದ ಒಂದೆರಡು ಶಿಲೀಂಧ್ರಗಳು ಇದನ್ನು ತಯಾರಿಸುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಜಾಡು ಬ್ರೆಜಿಲ್‌ನಿಂದ ಬಂದಿದ್ದ ಕಡಲೆಕಾಯಿ ಹಿಂಡಿಗೆ ತಲುಪಿತು. ಈ ವಿಷ ಪತ್ತೆಯಾದದ್ದೇ ಹಿಂಡಿಯಿಂದ.

ಹಿಂಡಿಯಲ್ಲೇ ಏಕೆ ಇಷ್ಟು? ಮೊದಲ ಕಾರಣ ಹೊಲದಲ್ಲಿದೆ. ಈ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ. ಚಳ್ಳಕೆರೆ, ಪಾವಗಡದಂಥ ಮಳೆಯಾಶ್ರಿತ ಸೀಮೆಯಲ್ಲಿ ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ, ಗಿಡ ಸೊರಗಿ ಶಿಲೀಂಧ್ರ ಕಾಯಿಯೊಳಗೆ ಸೇರುತ್ತದೆ. ಕಿತ್ತ ಮೇಲೆ ಮಳೆ ಬಂದು ಬಣವೆ ನೆನೆದರೆ ಮತ್ತಷ್ಟು ಹಬ್ಬುತ್ತದೆ. ಎರಡನೆಯ ಕಾರಣ ವ್ಯಾಪಾರದಲ್ಲಿದೆ. ದಪ್ಪ ಬೀಜ ತಿನ್ನಲು, ರಫ್ತಿಗೆ ಹೋಗುತ್ತದೆ. ಸುಕ್ಕಿದ್ದು, ಮುರಿದದ್ದು, ಬಣ್ಣ ಕೆಟ್ಟದ್ದು ಬಹುಪಾಲು ಎಣ್ಣೆ ಮಿಲ್ಲಿಗೆ. ವಿಷ ಹೆಚ್ಚಾಗಿ ಇರುವುದು ಇಂಥ ಕಾಳುಗಳಲ್ಲೇ. ಅರೆದಾಗ ಅದರ ಸ್ವಲ್ಪ ಭಾಗ ಎಣ್ಣೆಗೆ ಹೋಗಿ, ಹೆಚ್ಚಿನದು ಹಿಂಡಿಯಲ್ಲಿ ಉಳಿಯುತ್ತದೆ. ಹಾಗಾಗಿ ಕಣ್ಣಿಗೆ ಚೊಕ್ಕಟವಾಗಿ ಕಾಣುವ ಹೊಸ ಹಿಂಡಿಯಲ್ಲೂ ವಿಷ ಇರಬಹುದು. ಮನೆಗೆ ತಂದ ಮೇಲೆ ಅದು ತೇವ ಹಿಡಿದರೆ ಇನ್ನಷ್ಟು ಸೇರುತ್ತದೆ.

ಹಿಂಡಿಯಲ್ಲಿರುವ ಬಿ1 ಎಂಬ ಬಗೆ ಹಸುವಿನ ಈಲಿಯಲ್ಲಿ ಎಂ1 ಆಗಿ ಬದಲಾಗಿ ಕೆಚ್ಚಲಿಗೆ ಇಳಿಯುತ್ತದೆ. ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ತಿಂದ ವಿಷದಲ್ಲಿ ಹಾಲಿಗೆ ಬರುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು, ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಇನ್ನೂ ಹೆಚ್ಚು. ಇಷ್ಟು ಕಡಿಮೆಯಾದರೆ ಚಿಂತೆ ಏಕೆ ಎನಿಸಬಹುದು. ಒಂದು ಲೆಕ್ಕ ಹಾಕಿ ನೋಡೋಣ.

ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವಿಗೆ 2 ಕಿಲೋ ಹಿಂಡಿ ಹಾಕುತ್ತೀರಿ ಎಂದುಕೊಳ್ಳಿ. ಆ ಹಿಂಡಿಯಲ್ಲಿ ಕಿಲೋಗೆ 150 ಮೈಕ್ರೋಗ್ರಾಂ ಬಿ1 ಇದ್ದರೆ ಹಸು ದಿನಕ್ಕೆ 300 ಮೈಕ್ರೋಗ್ರಾಂ ತಿಂದಂತಾಯಿತು. ಅದರಲ್ಲಿ ನೂರಕ್ಕೆ ಎರಡರಂತೆ 6 ಮೈಕ್ರೋಗ್ರಾಂ ಹಾಲಿಗೆ ಬಂದರೆ ಲೀಟರಿಗೆ 0.6. ನಮ್ಮ ದೇಶದಲ್ಲಿ ಹಾಲಿಗೆ ನಿಗದಿಯಾಗಿರುವ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಹಸು ಲವಲವಿಕೆಯಿಂದಿದೆ, ಹಾಲಿನ ಬಣ್ಣ, ರುಚಿ, ಕೊಬ್ಬು ಎಲ್ಲವೂ ಸರಿಯಾಗಿವೆ, ಆದರೂ ಹಾಲು ಮಿತಿ ದಾಟಿದೆ. ಅದೇ ಹಸು ಪಶು ಆಹಾರದ ಭಾರತೀಯ ಮಾನಕದ ಮಿತಿಯೊಳಗಿನ, ಅಂದರೆ ಕಿಲೋಗೆ 20 ಮೈಕ್ರೋಗ್ರಾಂ ಬಿ1 ಇರುವ ಮಿಶ್ರಣವನ್ನು 5 ಕಿಲೋ ತಿಂದರೂ ಹಾಲಿನಲ್ಲಿ ಬರುವುದು ಲೀಟರಿಗೆ 0.2 ಅಷ್ಟೆ.

ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ 6,432 ಹಾಲಿನ ಮಾದರಿಗಳಲ್ಲಿ 368 ಮಾದರಿಗಳು ಈ ಮಿತಿ ದಾಟಿದ್ದವು. ಹಾಲು ಕಾಯಿಸಿದರೆ ರೋಗಾಣು ಸಾಯುತ್ತವೆ, ಎಂ1 ಸಾಯುವ ಜೀವಿಯಲ್ಲ. ಅದು ಕುದಿಸುವ ಬಿಸಿಗೂ ಡೇರಿಯ ಪಾಶ್ಚರೀಕರಣಕ್ಕೂ ಜಗ್ಗುವುದಿಲ್ಲ. ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ, ತುಪ್ಪಕ್ಕೆ ಬರುವುದು ತೀರಾ ಕಡಿಮೆ. ಅಫ್ಲಾಟಾಕ್ಸಿನ್‌ಗಳು ಈಲಿಯ ಕ್ಯಾನ್ಸರ್ ತರುತ್ತವೆ ಎಂಬುದು ಸಾಬೀತಾಗಿದೆ. ತೂಕಕ್ಕೆ ಹೋಲಿಸಿದರೆ ಅತಿ ಹೆಚ್ಚು ಹಾಲು ಕುಡಿಯುವವರು ಎಳೆಯ ಮಕ್ಕಳು ಎಂಬುದನ್ನೂ ಮರೆಯುವಂತಿಲ್ಲ.

ಹಸುವೂ ಇದರಿಂದ ಪೂರ್ತಿ ಪಾರಾಗುವುದಿಲ್ಲ. ವಿಷದ ಪ್ರಮಾಣ ಹೆಚ್ಚಾದರೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಈಲಿ ಕೆಡುತ್ತದೆ. ಕರುಗಳು ಬೇಗ ಸೊರಗುತ್ತವೆ, ಸಾಯುವುದೂ ಉಂಟು. ಆದರೆ ಹಾಲು ಕೆಡುವುದು ಹಸು ಕಾಯಿಲೆ ಬೀಳುವುದಕ್ಕಿಂತ ಬಹಳ ಮೊದಲೇ.

ಶಿಲೀಂಧ್ರಕ್ಕೆ ಬೇಕಾದದ್ದು ಸೆಕೆ ಮತ್ತು ತೇವ. ಸೆಕೆಯನ್ನು ತಡೆಯಲು ನಮ್ಮಿಂದಾಗದು, ತೇವವನ್ನು ತಡೆಯಬಹುದು. ಹಿಂಡಿಯ ತೇವಾಂಶ ನೂರಕ್ಕೆ ಹತ್ತರ ಒಳಗಿರಬೇಕು. ಕೊಳ್ಳುವಾಗ ಮೇಲಿನ ಒಂದು ಹಿಡಿ ನೋಡಿ ಒಪ್ಪಬೇಡಿ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತದೆ. ಮೇಲೆ, ನಡುವೆ, ತಳದಲ್ಲಿ ತೆಗೆದು ಮುರಿದು ನೋಡಿ, ಮೂಸಿ. ಗಂಟು, ಬಿಸಿ, ಮುಗ್ಗಲು, ಈ ಮೂರರಲ್ಲಿ ಒಂದಿದ್ದರೂ ಬೇಡ ಎನ್ನಿ.

ಮನೆಯಲ್ಲಿ ಚೀಲವನ್ನು ನೆಲದ ಮೇಲಿಡುವುದೇ ದೊಡ್ಡ ತಪ್ಪು. ಸಿಮೆಂಟಿನ ನೆಲವಾದರೂ ಮಳೆಗಾಲದಲ್ಲಿ ತೇವ ಮೇಲೇರಿ ತಳದ ಹಿಂಡಿಯನ್ನು ಸೇರುತ್ತದೆ. ಅರ್ಧ ಅಡಿ ಎತ್ತರದ ಹಲಗೆ ಅಥವಾ ಅಡಿಕೆ ಮರದ ಅಟ್ಟಣೆ ಸಾಕು. ಗೋಡೆಯಿಂದ ಒಂದಡಿಯಾದರೂ ದೂರವಿರಲಿ, ಸುತ್ತ ಗಾಳಿಯಾಡಲಿ. ಮಳೆಗೆ ಹೆದರಿ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿದರೆ ಒಳಗಿನ ಆವಿ ಹನಿಯಾಗಿ ಹಿಂಡಿಯ ಮೇಲೆಯೇ ಬೀಳುತ್ತದೆ. ಹಾಳೆಗಿಂತ ಮೊದಲು ಸೂರಿನ ಸೋರಿಕೆ ಮುಚ್ಚಿ. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟೇ ತನ್ನಿ, ಹಳೆಯದು ಮುಗಿಯದೆ ಹೊಸ ಚೀಲ ಬಿಚ್ಚಬೇಡಿ. ಪುಡಿ ಬೇಗ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ಹಿಂಡಿಯನ್ನು ಬೇಕಾದಷ್ಟೇ ಕುಟ್ಟಿಕೊಳ್ಳಿ. ನೆನೆಸಿದ ಹಿಂಡಿ ಮಿಕ್ಕರೆ ಮರುದಿನಕ್ಕೆ ಸೇರಿಸದೆ ಗೋದಲಿ ತೊಳೆದು ಒಣಗಿಸಿ. ಮೆಕ್ಕೆಜೋಳದ ನುಚ್ಚು, ಹತ್ತಿಕಾಳು ಹಿಂಡಿಗೂ ಇದೇ ಕಟ್ಟಳೆ.

ಬೆಂಟೊನೈಟ್‌ನಂಥ ಜೇಡಿಯ ಪುಡಿಯನ್ನು ಆಹಾರಕ್ಕೆ ಬೆರೆಸಿದರೆ ಅದು ಹೊಟ್ಟೆಯಲ್ಲಿ ವಿಷದ ಒಂದು ಪಾಲನ್ನು ಹಿಡಿದು ಸಗಣಿಯ ಜೊತೆ ಹೊರಹಾಕುತ್ತದೆ. ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಬಳಸಬಹುದು. ಆದರೆ ಎಲ್ಲವನ್ನೂ ಅದು ಹಿಡಿಯುವುದಿಲ್ಲ, ಬೂಷ್ಟು ಹಿಡಿದ ಹಿಂಡಿ ಹಾಕಲು ಅದು ಪರವಾನಗಿಯಲ್ಲ. ನಿಜವಾದ ಪ್ರಮಾಣ ತಿಳಿಯಬೇಕಾದರೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಚೀಲದಲ್ಲಿ ಬೂಷ್ಟು ಕಂಡರೆ ಅದನ್ನು ಕುರಿ, ಕೋಳಿ, ಬಾತುಗಳಿಗೂ ಹಾಕಬೇಡಿ, ಬಾತುಮರಿಗಳಿಗಂತೂ ಇದು ಕಡು ವಿಷ. ಮೂಗಿಗೆ ಬಟ್ಟೆ ಕಟ್ಟಿಕೊಂಡು ತೆಗೆದು, ಗುಂಡಿ ತೋಡಿ ಹೂತುಬಿಡಿ. ಅಂಥ ಹಿಂಡಿ ನಿಲ್ಲಿಸಿ ಚೊಕ್ಕ ಆಹಾರ ಕೊಟ್ಟರೆ ನಾಲ್ಕೈದು ದಿನಗಳಲ್ಲಿ ಹಾಲಿನಲ್ಲಿ ವಿಷ ಬಹುತೇಕ ಇಲ್ಲವಾಗುತ್ತದೆ. ಒಮ್ಮೆ ಹಾಲಿಗೆ ಬಂದ ವಿಷವನ್ನು ಅಡುಗೆಮನೆಯಲ್ಲಾಗಲಿ ಡೇರಿಯಲ್ಲಾಗಲಿ ತೆಗೆಯುವ ಸುಲಭದ ದಾರಿ ಇಲ್ಲ, ತಡೆಯಬೇಕಾದ ಜಾಗ ಹಿಂಡಿ ಚೀಲವೇ.