ಆಟ ಮುಗಿಯಲು ಎಷ್ಟು ಹೊತ್ತು?

ಅಮೆರಿಕದ ಮಕ್ಕಳು ಆಡುವ ಹಾವು ಏಣಿ ಆಟದ ಹೆಸರು ‘ಚೂಟ್ಸ್ ಆ್ಯಂಡ್ ಲ್ಯಾಡರ್ಸ್’. ನೂರು ಮನೆ, ಒಂಬತ್ತು ಏಣಿ. ಹಾವಿನ ಬದಲು ಹತ್ತು ಜಾರುಬಂಡಿ. ಒಬ್ಬ ಆಟಗಾರನ ಕಾಯಿ ನೂರನೇ ಮನೆ ಮುಟ್ಟಲು ಸರಾಸರಿ ಎಷ್ಟು ಸಲ ಆಡಬೇಕು? 1993ರಲ್ಲಿ ಆಲ್ಥೋಯೆನ್, ಕಿಂಗ್ ಮತ್ತು ಶಿಲ್ಲಿಂಗ್ ಎಂಬ ಮೂವರು ಗಣಿತಜ್ಞರು ‘ಮ್ಯಾಥಮ್ಯಾಟಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು: ಸುಮಾರು 39.2. ಒಂದು ಆಟವನ್ನೂ ಆಡದೆ, ಬರೀ ಲೆಕ್ಕದಿಂದಲೇ ಈ ಸಂಖ್ಯೆಯನ್ನು ಪಡೆಯಬಹುದು.

ನೂರು ಮನೆಯ ಪಟದಲ್ಲಿ ಲೆಕ್ಕದ ದಾರಿ ಕಣ್ಣಿಗೆ ಕಾಣುವುದಿಲ್ಲ. ಐದೇ ಮನೆಯ ಪಟ ಸಾಕು. ಕಾಯಿ 1ನೇ ಮನೆಯಲ್ಲಿದೆ, 5 ಮುಟ್ಟಿದರೆ ಆಟ ಮುಗಿಯಿತು. ದಾಳದ ಬದಲು ನಾಣ್ಯ: ಹೆಡ್ ಬಿದ್ದರೆ ಒಂದು ಮನೆ, ಟೇಲ್ ಬಿದ್ದರೆ ಎರಡು ಮನೆ ಮುಂದಕ್ಕೆ. 4ನೇ ಮನೆಯಲ್ಲಿ ಹಾವಿದೆ. ಅಲ್ಲಿಗೆ ಹೋದ ಕಾಯಿ ಅದೇ ಕ್ಷಣ 1ಕ್ಕೆ ಇಳಿಯುತ್ತದೆ. ಹಾವೇ ಇಲ್ಲದಿದ್ದರೆ, 5ನ್ನು ದಾಟಿದರೂ ಗೆಲುವೆಂದು ಇಟ್ಟುಕೊಂಡರೆ, ಸರಾಸರಿ ಮೂರಕ್ಕೂ ಕಡಿಮೆ ಚಿಮ್ಮುಗೆಯಲ್ಲಿ ಆಟ ಮುಗಿಯುತ್ತದೆ. ಹಾವು ಬಂದ ಮೇಲೆ?

ಇಲ್ಲಿ ಕಾಯಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಅದು ಈಗ ನಿಂತಿರುವ ಮನೆಯ ಮೇಲೆ ಮಾತ್ರ ನಿಂತಿದೆ. ಅದು ಅಲ್ಲಿಗೆ ಹೇಗೆ ಬಂತು, ಎಷ್ಟು ಸಲ ಹಾವಿಗೆ ಸಿಕ್ಕಿತು ಎಂಬುದು ಲೆಕ್ಕಕ್ಕಿಲ್ಲ. ಇಂಥ ನಡಿಗೆಗೆ ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೋವ್ ಅವರ ಹೆಸರಿನಲ್ಲಿ ಮಾರ್ಕೋವ್ ಸರಪಳಿ ಎನ್ನುತ್ತಾರೆ. ಹೊಕ್ಕ ಮೇಲೆ ಹೊರಬರಲಾಗದ 5ನೇ ಮನೆ ಹೀರಿಕೊಳ್ಳುವ ಸ್ಥಿತಿ. 1, 2, 3 ತಾತ್ಕಾಲಿಕ ಸ್ಥಿತಿಗಳು. 4ರಲ್ಲಿ ಕಾಯಿ ನಿಲ್ಲುವುದೇ ಇಲ್ಲವಾದ್ದರಿಂದ ಅದನ್ನು ಪಟ್ಟಿಯಿಂದಲೇ ಬಿಡಬಹುದು.

ಮೊದಲ ಕೆಲಸ, ತಾತ್ಕಾಲಿಕ ಮನೆಗಳ ನಡುವಿನ ಓಡಾಟವನ್ನು ಬರೆದಿಡುವುದು. 1ರಿಂದ ಹೆಡ್ ಬಿದ್ದರೆ 2, ಟೇಲ್ ಬಿದ್ದರೆ 3. 2ರಿಂದ ಹೆಡ್ ಬಿದ್ದರೆ 3. ಟೇಲ್ ಬಿದ್ದರೆ 4, ಅಂದರೆ ಹಾವಿನ ಬಾಯಿಂದ 1ಕ್ಕೆ. 3ರಿಂದ ಹೆಡ್ ಬಿದ್ದರೆ ಮತ್ತೆ ಹಾವು, ಮತ್ತೆ 1. ಟೇಲ್ ಬಿದ್ದರೆ ಗೆಲುವು. ಈ ಸಂಭವನೀಯತೆಗಳ ಮಾತೃಕೆಗೆ Q ಎಂದು ಹೆಸರು. ಪ್ರತಿ ಸಾಲು ಈಗಿರುವ ಮನೆ, ಪ್ರತಿ ಕಂಬಸಾಲು ಮುಂದಿನ ಮನೆ:

```
Q      1     2     3
1      0    1/2   1/2
2     1/2    0    1/2
3     1/2    0     0
```

ಮೂರನೇ ಸಾಲಿನ ಮೊತ್ತ ಅರ್ಧ ಮಾತ್ರ. ಉಳಿದ ಅರ್ಧ 5ನೇ ಮನೆಗೆ ಸೋರಿಹೋಗುತ್ತದೆ. ಇಡೀ ಪಟದಲ್ಲಿ ಹೊರಗೆ ಹೋಗುವ ಬಾಗಿಲು ಇದೊಂದೇ.

Q ಹೇಳುವುದು ಒಂದು ಚಿಮ್ಮುಗೆಯ ನಂತರ ಕಾಯಿ ಎಲ್ಲಿರಬಹುದು ಎಂಬುದನ್ನು. Qನಿಂದಲೇ Qಅನ್ನು ಗುಣಿಸಿದರೆ ಎರಡು ಚಿಮ್ಮುಗೆಯ ನಂತರದ ಚಿತ್ರ ಸಿಗುತ್ತದೆ, ಮತ್ತೊಮ್ಮೆ ಗುಣಿಸಿದರೆ ಮೂರರದು. ಸೊನ್ನೆಯನೇ ಹೊತ್ತಿನಿಂದ ಹಿಡಿದು ಇವೆಲ್ಲವನ್ನೂ ಕೂಡುತ್ತ ಹೋದರೆ, ಆಟ ಮುಗಿಯುವುದರೊಳಗೆ ಕಾಯಿ ಪ್ರತಿ ಮನೆಯಲ್ಲೂ ಸರಾಸರಿ ಎಷ್ಟು ಸಲ ನಿಂತಿತು ಎಂಬುದು ತಿಳಿಯುತ್ತದೆ. ಕೊನೆಯಿಲ್ಲದ ಈ ಕೂಡಿಕೆಗೆ ಹೆದರಬೇಕಿಲ್ಲ. ಶಾಲೆಯಲ್ಲಿ ಕಲಿತ ಗುಣೋತ್ತರ ಶ್ರೇಢಿಯಲ್ಲಿ 1 + r + r² + … ಎಂಬುದು 1/(1 − r) ಆಗುವಂತೆ, ಇಲ್ಲಿಯೂ ಮೊತ್ತ ಒಂದೇ ಮಾತೃಕೆಯಲ್ಲಿ ಅಡಗುತ್ತದೆ:

```
N = I + Q + Q² + … = (I − Q)⁻¹
```

I ಎಂದರೆ ಕರ್ಣದ ಉದ್ದಕ್ಕೂ 1, ಉಳಿದೆಡೆ 0 ಇರುವ ಮಾತೃಕೆ. Nಗೆ ಮೂಲಭೂತ ಮಾತೃಕೆ ಎಂದು ಹೆಸರು. ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಲಾರಿ ಸ್ನೆಲ್ 1960ರ ತಮ್ಮ ಪುಸ್ತಕದಲ್ಲಿ ಇಡೀ ವಿಷಯವನ್ನು ಇದರ ಸುತ್ತಲೇ ಕಟ್ಟಿದರು. ಮುಂದೆ 1964ರಲ್ಲಿ ಥಾಮಸ್ ಕರ್ಟ್ಜ್ ಜೊತೆಗೂಡಿ ‘ಬೇಸಿಕ್’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದವರು ಇದೇ ಕೆಮೆನಿ. ನಮ್ಮ ಪುಟ್ಟ ಪಟಕ್ಕೆ N ಹೀಗೆ ಬರುತ್ತದೆ:

```
N      1     2     3    ಮೊತ್ತ
1     8/3   4/3    2     6
2      2     2     2     6
3     4/3   2/3    2     4
```

ಮೊದಲ ಸಾಲನ್ನು ನಿಧಾನವಾಗಿ ಓದಬೇಕು. 1ರಿಂದ ಹೊರಟ ಕಾಯಿ 1ರಲ್ಲಿ ಸರಾಸರಿ 8/3 ಸಲ, 2ರಲ್ಲಿ 4/3 ಸಲ, 3ರಲ್ಲಿ ಎರಡು ಸಲ ನಿಲ್ಲುತ್ತದೆ. ನಿಂತ ಪ್ರತಿ ಸಲವೂ ಒಂದು ಚಿಮ್ಮುಗೆ ಖರ್ಚಾಗುವುದರಿಂದ ಸಾಲಿನ ಮೊತ್ತವೇ ಆಟದ ಸರಾಸರಿ ಉದ್ದ: ಆರು. ಒಂದು ಹಾವು ಆಟವನ್ನು ಎರಡು ಪಟ್ಟಿಗೂ ಹೆಚ್ಚು ಎಳೆದಿದೆ. 8/3ರಲ್ಲಿ ಒಂದು, ಆರಂಭದಲ್ಲಿ ನಿಂತದ್ದು. ಉಳಿದ 5/3 ಹಾವಿಗೆ ಸಿಕ್ಕಿ ಮರಳಿದ್ದು. ಅಂದರೆ ಒಂದು ಆಟದಲ್ಲಿ ಹಾವು ಸರಾಸರಿ 1.67 ಸಲ ಕಚ್ಚುತ್ತದೆ. ಬರೀ ಸರಾಸರಿ ಹೊತ್ತು ಬೇಕಿದ್ದರೆ ಮೂರು ಸಮೀಕರಣ ಬಿಡಿಸಿದರೂ ಸಾಕಿತ್ತು. ಆ ಹೊತ್ತು ಎಲ್ಲೆಲ್ಲಿ ಕಳೆಯಿತು ಎಂಬುದನ್ನೂ ಬಿಡಿಸಿ ತೋರಿಸುವುದು Nನ ನಿಜವಾದ ಉಪಯೋಗ.

ಎರಡನೇ ಸಾಲಿನ ಮೊತ್ತವೂ ಆರೇ. 2ನೇ ಮನೆ ಗುರಿಗೆ ಒಂದು ಹೆಜ್ಜೆ ಹತ್ತಿರ. ಆದರೂ ಅಲ್ಲಿರುವುದರಿಂದ ಏನೂ ಲಾಭವಿಲ್ಲ! 1ರಲ್ಲಿದ್ದರೂ 2ರಲ್ಲಿದ್ದರೂ ಮುಂದಿನ ಚಿಮ್ಮುಗೆಯಲ್ಲಿ ಅರ್ಧ ಅವಕಾಶ 3ಕ್ಕೆ ಹೋಗುವುದು, ಇನ್ನರ್ಧ ಈ ಎರಡರಲ್ಲಿ ಇನ್ನೊಂದಕ್ಕೆ ಹೋಗುವುದು. ಪಟದ ಮೇಲಿನ ಅಂತರ ಮತ್ತು ಗೆಲುವಿಗೆ ಬೇಕಾದ ಹೊತ್ತು ಬೇರೆ ಬೇರೆ ಸಂಗತಿಗಳು.

ಈ ಆರನ್ನು ‘ಆಟ ಸಾಮಾನ್ಯವಾಗಿ ಆರು ಚಿಮ್ಮುಗೆಯಲ್ಲಿ ಮುಗಿಯುತ್ತದೆ’ ಎಂದು ಓದುವುದು ತಪ್ಪು. ನಿಜಕ್ಕೂ ಅರ್ಧದಷ್ಟು ಆಟಗಳು ನಾಲ್ಕು ಚಿಮ್ಮುಗೆಯೊಳಗೇ ಮುಗಿಯುತ್ತವೆ. ಕಾಲು ಭಾಗವಂತೂ ಎರಡರಲ್ಲೇ. ಆದರೆ ನೂರರಲ್ಲಿ ಸುಮಾರು ಒಂಬತ್ತು ಆಟ ಹನ್ನೆರಡು ಚಿಮ್ಮುಗೆಯನ್ನೂ ದಾಟುತ್ತವೆ. ಹಾವಿಗೆ ಮತ್ತೆ ಮತ್ತೆ ಸಿಗುವ ಈ ಕೆಲವೇ ಆಟಗಳು ಸರಾಸರಿಯನ್ನು ಮೇಲಕ್ಕೆಳೆಯುತ್ತವೆ. ಈ ಹರಡುವಿಕೆಯೂ Nನಿಂದಲೇ ಸಿಗುತ್ತದೆ: ನಮ್ಮ ಪಟದಲ್ಲಿ ಪ್ರಮಾಣ ವಿಚಲನೆ ಸುಮಾರು 4.7, ಸರಾಸರಿಗೆ ಹತ್ತಿರ ಹತ್ತಿರ ಸಮ.

ಲೆಕ್ಕ ಕೈಕೊಡುವ ಸಂದರ್ಭವೂ ಒಂದಿದೆ. 3ನೇ ಮನೆಯಲ್ಲೂ ಒಂದು ಹಾವು ಇಟ್ಟು ಅದರ ಬಾಲವನ್ನು 1ಕ್ಕೆ ಬಿಟ್ಟರೆ? ಎರಡೇ ಮನೆ ಹಾರಬಲ್ಲ ಕಾಯಿ ಅಕ್ಕಪಕ್ಕದ ಎರಡು ಹಾವುಗಳನ್ನು ದಾಟಲಾರದು. ಆಗ Qನ ಎಲ್ಲ ಸಾಲುಗಳ ಮೊತ್ತವೂ 1 ಆಗುತ್ತದೆ, I − Qನ ನಿರ್ಧಾರಕ ಸೊನ್ನೆಯಾಗುತ್ತದೆ, ವಿಲೋಮವೇ ಇರುವುದಿಲ್ಲ. ಆಟ ಮುಗಿಯುವುದಿಲ್ಲ ಎಂಬುದನ್ನು ಗಣಿತ ಹೇಳುವ ರೀತಿ ಇದು. ದಾಳದ ಆಟದಲ್ಲಿ ಸಾಲಾಗಿ ಆರು ಹಾವು ಇಟ್ಟರೂ ಇದೇ ಗತಿ. ವಿಲೋಮ ಸಿಕ್ಕಾಗಲೂ ಪರೀಕ್ಷೆ ಬೇಕು: Nನಲ್ಲಿ ಋಣ ಸಂಖ್ಯೆ ಕಂಡರೆ, ಅಥವಾ ಕರ್ಣದಲ್ಲಿ 1ಕ್ಕಿಂತ ಕಡಿಮೆ ಕಂಡರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಅಮೆರಿಕದ ಪಟಕ್ಕೂ ವಿಧಾನ ಇದೇ. ಹೊರಡುವ ಜಾಗ ಸೇರಿ 101 ತಾಣಗಳಲ್ಲಿ, ಕಾಯಿ ನಿಲ್ಲದ 19ನ್ನು ಕಳೆದರೆ 82 ಸ್ಥಿತಿಗಳು ಉಳಿಯುತ್ತವೆ. ವಿಲೋಮವನ್ನು ಕಂಪ್ಯೂಟರ್ ಕ್ಷಣದಲ್ಲಿ ತೆಗೆಯುತ್ತದೆ. ಆ ಮೂವರು ಗಣಿತಜ್ಞರು ಪಟವನ್ನು ಅಲ್ಲಿಗೇ ಬಿಡದೆ ಅಲ್ಲಲ್ಲಿ ತಿದ್ದಿ ನೋಡಿದರು. 29ರಿಂದ 27ಕ್ಕೆ ಇಳಿಯುವ ಹೊಸ ಜಾರುಬಂಡಿ ಇಟ್ಟರೆ ಆಟ ಉದ್ದವಾಗುವ ಬದಲು ಚಿಕ್ಕದಾಗುತ್ತದೆ. ಕಾರಣ, 28ರಲ್ಲಿ 84ಕ್ಕೆ ಏರುವ ದೊಡ್ಡ ಏಣಿಯಿದೆ. ಅದನ್ನು ತಪ್ಪಿಸಿಕೊಂಡು 29ಕ್ಕೆ ಹೋದವರಿಗೆ ಇನ್ನೊಂದು ಅವಕಾಶ ಸಿಗುತ್ತದೆ. ಅದೇ ರೀತಿ 79ರಿಂದ 81ಕ್ಕೆ ಏಣಿ ಹಾಕಿದರೆ ಆಟ ಉದ್ದವಾಗುತ್ತದೆ, ಏಕೆಂದರೆ 80ರಿಂದ ನೇರ 100ಕ್ಕೆ ಹೋಗುವ ಏಣಿ ಕೈತಪ್ಪುತ್ತದೆ.

ವೈಕುಂಠ ಏಕಾದಶಿಯ ಜಾಗರಣೆಗೆ ಹರಡುವ ಪರಮಪದ ಸೋಪಾನ ಪಟ ಮನೆಯಲ್ಲಿದ್ದವರು ಅದರ ಹಾವು ಏಣಿಗಳನ್ನು ಬರೆದುಕೊಂಡು ಇದೇ ಲೆಕ್ಕ ಮಾಡಬಹುದು. ಪಟದಿಂದ ಪಟಕ್ಕೆ ಹಾವುಗಳ ಜಾಗ ಬದಲಾಗುವುದರಿಂದ ಪ್ರತಿಯೊಂದರ ಉತ್ತರವೂ ಬೇರೆಯೇ ಇರುತ್ತದೆ.