ವರ್ಷಕ್ಕೊಂದೇ ಆರ್ಡರ್, ತಿಂಗಳಿಗೊಂದು ಕಂತು

ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಪಂಪ್‌ಸೆಟ್ ತಯಾರಿಸುವ ಒಂದು ಘಟಕ ಇದೆ ಎಂದಿಟ್ಟುಕೊಳ್ಳಿ. ಪ್ರತಿ ಪಂಪನ್ನೂ ಕಂಪನಿಯ ಹೆಸರು ಅಚ್ಚಾದ ಐದು ಪದರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು. ವರ್ಷಕ್ಕೆ ಸುಮಾರು 24,000 ಪೆಟ್ಟಿಗೆ ಬೇಕಾಗುತ್ತದೆ. ಈಗ ಪ್ರತಿ ತಿಂಗಳೂ ಸ್ಟೋರಿನವರು ಖಾಲಿಯಾಗುವ ಹೊತ್ತಿಗೆ ಹೇಳುತ್ತಾರೆ, ಪರ್ಚೇಸ್‌ನವರು ಮೂರು ಕಡೆ ಕೊಟೇಶನ್ ಕೇಳುತ್ತಾರೆ, ಪೆಟ್ಟಿಗೆಯವನು ಆ ದಿನದ ಪೇಪರ್ ದರ ನೋಡಿ 47 ಅಥವಾ 49 ರೂಪಾಯಿ ಹೇಳುತ್ತಾನೆ. ಬೇಸಿಗೆಯಲ್ಲಿ ಪಂಪಿನ ಬೇಡಿಕೆ ಏರಿದಾಗ ಪೆಟ್ಟಿಗೆ ಸಮಯಕ್ಕೆ ಬರುವುದಿಲ್ಲ, ಪಂಪುಗಳು ಅಂಗಳದಲ್ಲಿ ಸಾಲಾಗಿ ಕಾಯುತ್ತವೆ.

ಇದಕ್ಕೆ ಉದ್ಯಮದವರು ಕಂಡುಕೊಂಡ ದಾರಿ ಬ್ಲಾಂಕೆಟ್ ಪರ್ಚೇಸ್ ಆರ್ಡರ್. ಇಡೀ ವರ್ಷದ ಮಾಲಿಗೆ ಒಂದೇ ಆರ್ಡರ್, ಒಂದೇ ದರ. ಮಾಲು ಮಾತ್ರ ನಿಗದಿಯಾದ ತಾರೀಕುಗಳಲ್ಲಿ ಕಂತುಕಂತಾಗಿ ಬರುತ್ತದೆ, ಹಣವೂ ಕಂತಿನ ಬಿಲ್ಲಿನ ಪ್ರಕಾರವೇ ಸಲ್ಲುತ್ತದೆ. ಪ್ರತಿ ಕಂತಿಗೆ ಕಳಿಸುವ ಚೀಟಿಗೆ ರಿಲೀಸ್ ಎನ್ನುತ್ತಾರೆ. ಮೂಲ ಆರ್ಡರಿನ ನಂಬರು, ಎಷ್ಟನೇ ರಿಲೀಸ್, ಎಷ್ಟು ಮಾಲು, ಯಾವ ದಿನ ಬೇಕು ಎಂಬ ನಾಲ್ಕು ಸಂಗತಿ ಅದರಲ್ಲಿದ್ದರೆ ಸಾಕು. ಪ್ರತಿ ಸಲ ದರದ ಮಾತು ತೆಗೆಯುವ ಅಗತ್ಯವೇ ಇಲ್ಲ.

ಇಡೀ ವರ್ಷದ ಪೆಟ್ಟಿಗೆಯನ್ನು ಒಟ್ಟಿಗೇ ತರಿಸಿ ಗೋದಾಮಿನಲ್ಲಿಟ್ಟರೆ ಆಗದೇ ಎಂದು ಕೇಳಬಹುದು. ಹಣ ಸಿಕ್ಕಿಬೀಳುವುದು ಒಂದು ಕಡೆ, ರಟ್ಟು ಮಳೆಗಾಲದ ತೇವ ಹೀರಿ ಮೆತ್ತಗಾಗುವುದು ಇನ್ನೊಂದು ಕಡೆ. ಜೂನ್‌ನಲ್ಲಿ ಬಂದ ಪೆಟ್ಟಿಗೆ ಅಕ್ಟೋಬರ್‌ನಲ್ಲಿ ಅಷ್ಟೇ ಭಾರ ಹೊರುತ್ತದೆಂಬ ಖಾತ್ರಿ ಇಲ್ಲ. ಆದ್ದರಿಂದ ಕಂತುಗಳೇ ಸರಿ.

ಆದರೆ ಈ ಪ್ರಸ್ತಾಪವನ್ನು ಪೆಟ್ಟಿಗೆಯವನ ಮುಂದಿಟ್ಟಾಗ ಅವನು ಥಟ್ಟನೆ ಒಪ್ಪುವುದಿಲ್ಲ. "ಸಾರ್, ವರ್ಷಕ್ಕೆ ಅಂತ ರೇಟ್ ಇಳಿಸ್ಕೊಳ್ತೀರ, ಮೂರು ತಿಂಗಳು ತಗೊಂಡು ಸುಮ್ಮನಾಗ್ತೀರ. ನಿಮ್ಮ ಹೆಸರು ಪ್ರಿಂಟ್ ಆದ ಬಾಕ್ಸ್ ನಾನು ಯಾರಿಗೆ ಮಾರಲಿ?" ಎನ್ನುತ್ತಾನೆ. ಅವನ ಮಾತಿನಲ್ಲಿ ನ್ಯಾಯವಿದೆ. ದರ ಮಾತ್ರ ನಿಗದಿ ಮಾಡಿ, ಎಷ್ಟು ಕೊಳ್ಳುತ್ತೇವೆಂದು ಹೇಳದೆ ಇದ್ದರೆ ಅದು ಬರೀ ರೇಟ್ ಕಾಂಟ್ರಾಕ್ಟ್. ಮಾಲು ಎತ್ತುವ ಹೊಣೆ ಕೊಳ್ಳುವವನ ಮೇಲೆ ಬಿದ್ದಾಗಲೇ ಮಾರುವವನು ವರ್ಷವಿಡೀ ದರ ಹಿಡಿದಿಡುವುದಕ್ಕೆ ಅರ್ಥ ಬರುತ್ತದೆ.

ಹಾಗಾಗಿ ಮಾತುಕತೆಗೆ ಹೋಗುವಾಗ ಹಿಂದಿನ ವರ್ಷದ ತಿಂಗಳುವಾರು ಖರೀದಿಯ ಪಟ್ಟಿಯನ್ನು ಟ್ಯಾಲಿಯಿಂದ ತೆಗೆದುಕೊಂಡು ಹೋಗಬೇಕು. ನಮ್ಮ ಘಟಕದ ಲೆಕ್ಕದಲ್ಲಿ ಏಪ್ರಿಲ್, ಮೇ, ಫೆಬ್ರವರಿ, ಮಾರ್ಚ್ ತಿಂಗಳುಗಳಿಗೆ ತಲಾ 3,000, ಉಳಿದ ಎಂಟು ತಿಂಗಳಿಗೆ ತಲಾ 1,500, ಒಟ್ಟು 24,000. ಇದು ಅಂದಾಜು. ಖಂಡಿತ ಎತ್ತುತ್ತೇವೆಂದು ಬರೆದುಕೊಡುವುದು 20,000 ಮಾತ್ರ. ಎಷ್ಟೇ ಮಂದವಾದ ವರ್ಷದಲ್ಲೂ ಮುಟ್ಟಬಲ್ಲ ಸಂಖ್ಯೆಯನ್ನೇ ಬರೆಯಬೇಕು. ದರ ಇಳಿಸುವ ಆಸೆಗೆ 30,000 ಎಂದು ಬರೆದವರು ಮುಂದಿನ ವರ್ಷ ಅದೇ ಪೆಟ್ಟಿಗೆಯವನ ಹತ್ತಿರ ಮಾತಾಡುವ ಮುಖ ಉಳಿಸಿಕೊಳ್ಳುವುದಿಲ್ಲ.

ಅಚ್ಚಾದ ಮಾಲಿನ ಭಯಕ್ಕೂ ಉತ್ತರ ಕಾಗದದ ಮೇಲೇ ಇರಲಿ. ಮುಂದಿನ ತಿಂಗಳ ರಿಲೀಸ್ ಖಾಯಂ, ಅದರಾಚೆಯ ತಿಂಗಳಿನದು ಅಂದಾಜು, ಹೆಚ್ಚೆಂದರೆ ಶೇ. 20 ಏರಿಳಿಯಬಹುದು. ಆರ್ಡರ್ ನಡುವೆಯೇ ನಿಂತರೂ ಒಂದು ತಿಂಗಳ ಸಿದ್ಧ ಪೆಟ್ಟಿಗೆ ಮತ್ತು ಇನ್ನೊಂದು ತಿಂಗಳಿಗೆ ತಂದಿಟ್ಟ ಪೇಪರಿನ ಹೊಣೆ ಕೊಳ್ಳುವವರದು. ಇಷ್ಟು ಭರವಸೆ ಸಿಕ್ಕರೆ ಪೆಟ್ಟಿಗೆಯವನು ಒಮ್ಮೆ ಮೆಷಿನ್ ಸೆಟ್ ಮಾಡಿ ಎರಡು ತಿಂಗಳ ಮಾಲು ಓಡಿಸಬಲ್ಲ. ದರ ಇಳಿಸಲು ಅವನಿಗೆ ನಿಜವಾದ ಉಳಿತಾಯ ಸಿಗುವುದು ಅಲ್ಲೇ. ಸರಾಸರಿ 48 ರೂಪಾಯಿ ಇದ್ದದ್ದು 46ಕ್ಕೆ ಕುದುರಿದರೆ 24,000 ಪೆಟ್ಟಿಗೆಗೆ 48,000 ರೂಪಾಯಿ ಉಳಿಯುತ್ತದೆ. ಬೇಸಿಗೆಯಲ್ಲಿ ಪಂಪು ಕಾಯದೆ ಹೊರಡುವುದರ ಲಾಭ ಇದಕ್ಕಿಂತ ದೊಡ್ಡದು.

ಇನ್ನು ನಿಗದಿತ ದರದ ಮಾತು. ನಿಜವಾದ ಕಷ್ಟ ಇರುವುದು ಇಲ್ಲಿ. 46 ರೂಪಾಯಿಯ ಪೆಟ್ಟಿಗೆಯಲ್ಲಿ ಸುಮಾರು 30 ರೂಪಾಯಿ ಕ್ರಾಫ್ಟ್ ಪೇಪರಿನದೇ ಎಂದುಕೊಳ್ಳೋಣ. ಕಿಲೋ ಪೇಪರಿಗೆ 4 ರೂಪಾಯಿ ಏರಿದರೆ, ಸುಮಾರು 800 ಗ್ರಾಂ ಪೇಪರ್ ತಿನ್ನುವ ಪೆಟ್ಟಿಗೆಯ ಮೇಲೆ 3 ರೂಪಾಯಿ ಚಿಲ್ಲರೆ ಬೀಳುತ್ತದೆ. ಅವನ ಲಾಭವೆಲ್ಲ ಅಲ್ಲಿಗೇ ಮುಗಿಯಬಹುದು. 2021ರ ಜನವರಿ 1ರಿಂದ ಚೀನಾ ರದ್ದಿ ಕಾಗದದ ಆಮದನ್ನು ನಿಲ್ಲಿಸಿತು. ಅಲ್ಲಿಗೆ ರದ್ದಿಯಿಂದ ತಯಾರಾದ ಪಲ್ಪ್ ಹರಿಯತೊಡಗಿತು, ಹಡಗು ಬಾಡಿಗೆಯೂ ಏರಿತ್ತು. ಆ ದಿನಗಳಲ್ಲಿ ನಮ್ಮಲ್ಲಿ ಕ್ರಾಫ್ಟ್ ಪೇಪರಿನ ದರ ಜಿಗಿದು, ವರ್ಷದ ದರಕ್ಕೆ ಸಹಿ ಹಾಕಿದ್ದ ಪೆಟ್ಟಿಗೆ ತಯಾರಕರು ನಲುಗಿಹೋದರು.

ಇಂಥ ಒತ್ತಡಕ್ಕೆ ಸಿಕ್ಕವನು ಬಾಯಿಬಿಟ್ಟು ಹೇಳದೆ ಪೇಪರನ್ನೇ ತೆಳ್ಳಗೆ ಮಾಡುವುದುಂಟು. 150 ಜಿಎಸ್ಎಮ್ ಎಂದು ಒಪ್ಪಿದ ಕಡೆ 120 ಹಾಕಿದರೆ ಹೊರಗಿನಿಂದ ಕಣ್ಣಿಗೆ ಗೊತ್ತಾಗದು. ತಕ್ಕಡಿಗೆ ಗೊತ್ತಾಗುತ್ತದೆ: 780 ಗ್ರಾಂ ತೂಗಬೇಕಾದ ಪೆಟ್ಟಿಗೆ 650ರ ಆಸುಪಾಸಿಗೆ ಇಳಿದಿರುತ್ತದೆ. ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದಾಗ ಕೆಳಗಿನದರ ಪಕ್ಕಗಳು ಉಬ್ಬುತ್ತವೆ. ಆದ್ದರಿಂದ ಆರ್ಡರಿನಲ್ಲಿ ಅಳತೆಯ ಜೊತೆಗೆ ಪದರ, ಜಿಎಸ್ಎಮ್, ಬರ್ಸ್ಟಿಂಗ್ ಫ್ಯಾಕ್ಟರ್ ಮತ್ತು ಒಣ ಪೆಟ್ಟಿಗೆಯ ತೂಕವನ್ನು ಬರೆಯಿರಿ, ಪ್ರತಿ ಕಂತಿನಿಂದ ಐದು ಪೆಟ್ಟಿಗೆ ತೂಗಿ ನೋಡಿ.

ಈ ಕಳ್ಳದಾರಿ ಹಿಡಿಯಬೇಕಾದ ಸ್ಥಿತಿಯೇ ಬಾರದಂತೆ ಒಂದು ಬಾಗಿಲು ತೆರೆದಿಡುವುದು ಜಾಣತನ. ಸಹಿ ಹಾಕುವ ದಿನದ ಪೇಪರ್ ದರವನ್ನು ಮಿಲ್ಲಿನ ಬಿಲ್ ಸಮೇತ ದಾಖಲಿಸಿಕೊಳ್ಳಿ. ಕಿಲೋಗೆ 4 ರೂಪಾಯಿವರೆಗಿನ ಏರಿಳಿತದಲ್ಲಿ ದರ ಅಲುಗುವಂತಿಲ್ಲ. ಅದನ್ನು ಮೀರಿದರೆ ಮಾತ್ರ, ಏರಿದರೂ ಇಳಿದರೂ, ಇಬ್ಬರೂ ಕೂತು ಮುಂದಿನ ರಿಲೀಸುಗಳ ದರ ಮರುಲೆಕ್ಕ ಮಾಡುವುದು. ಏರಿದಾಗ ಕೊಡದೆ, ಇಳಿದಾಗ ಮಾತ್ರ ಕೇಳುವ ಷರತ್ತು ನನ್ನ ಪ್ರಕಾರ ಅನ್ಯಾಯ, ಬಾಳುವುದೂ ಇಲ್ಲ. ಜಿಎಸ್‌ಟಿಯನ್ನು ದರದೊಳಗೆ ಸೇರಿಸಬೇಡಿ; ಮಾಲು ಹೊರಡುವ ದಿನದ ತೆರಿಗೆ ಪ್ರತ್ಯೇಕ ಎಂದು ಬರೆಯಿರಿ. 2025ರ ಸೆಪ್ಟೆಂಬರ್ 22ರಂದು ಆದಂತೆ ತೆರಿಗೆ ದರ ವರ್ಷದ ನಡುವೆಯೇ ಬದಲಾಗಬಹುದು.

ಹಣ ಪಾವತಿಯ ಗಡುವೂ ಅಷ್ಟೇ ಮುಖ್ಯ. ಮಾರುವವನು ನೋಂದಾಯಿತ ಕಿರು ಅಥವಾ ಸಣ್ಣ ತಯಾರಕನಾಗಿದ್ದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ದಾಟುವಂತಿಲ್ಲ ಎನ್ನುತ್ತದೆ ಕಾನೂನು. ದಾಟಿದರೆ ಬಡ್ಡಿ ಬೀಳುತ್ತದೆ. ವರ್ಷದ ಕೊನೆಗೆ ಬಾಕಿ ಉಳಿದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಸಿಗದು.

ಸಹಿ ಆದಮೇಲೆ ಆರ್ಡರನ್ನು ಫೈಲಿಗೆ ಹಾಕಿ ಮರೆಯುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತೊಂದರೆ. ಸೆಪ್ಟೆಂಬರ್ ಕೊನೆಗೆ ನಮ್ಮ ಘಟಕ 12,000 ಎತ್ತಿರಬೇಕು. ಎತ್ತಿದ್ದು 8,500 ಆಗಿದ್ದರೆ 3,500 ಹಿಂದೆ ಬಿದ್ದಿದ್ದೇವೆಂದು ಆಗಲೇ ಪೆಟ್ಟಿಗೆಯವನಿಗೆ ಫೋನ್ ಮಾಡಿ ಶೆಡ್ಯೂಲ್ ಬದಲಿಸಿಕೊಳ್ಳಬೇಕು. ಫೆಬ್ರವರಿಯವರೆಗೆ ಸುಮ್ಮನಿದ್ದರೆ, ಅವನು ನಮ್ಮ ಪಾಲಿನ ಪೇಪರನ್ನು ಬೇರೆ ಪಾರ್ಟಿಗೆ ಓಡಿಸಿರುತ್ತಾನೆ, ಬೇಸಿಗೆಯ 3,000 ಪೆಟ್ಟಿಗೆ ಬೇಕೆಂದಾಗ ಕೈಯೆತ್ತುತ್ತಾನೆ. ತಿಂಗಳ ಕೊನೆಗೊಮ್ಮೆ ಬರಬೇಕಿದ್ದದ್ದು, ಬಂದದ್ದು, ಬಾಕಿ ಎಂಬ ಮೂರು ಅಂಕಿಗಳನ್ನು ಇಬ್ಬರೂ ತಾಳೆ ನೋಡಿದರೆ ಇದು ತಪ್ಪುತ್ತದೆ.

ಏಪ್ರಿಲ್ 1ರಿಂದ ಶುರುವಾಗಬೇಕಾದ ಆರ್ಡರಿಗೆ ಫೆಬ್ರವರಿಯಲ್ಲೇ ಮಾತು ತೆಗೆಯಿರಿ. ಹಳೆಯ ವರ್ಷದ ಪಟ್ಟಿ ತಿದ್ದಿ, ಮಾದರಿ ಪೆಟ್ಟಿಗೆ ತೂಗಿ, ಪೇಪರಿನವನಿಂದ ದರ ತರಿಸಿಕೊಳ್ಳಲು ಅಷ್ಟು ಸಮಯ ಬೇಕೇ ಬೇಕು.